ಬಸ್ಸಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಫೋನಿಗೆ: ಹೋಮ್ ಸ್ಕ್ರೀನ್ ಹೇಗೆ ಜೋಡಿಸೋದು?

ಪ್ರಶ್ನೆ: "ನಾನು ದಿನಾ ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಲ್ಲಿ ಹೋಗಿ ಬರುವವಳು. ಸೀಟ್ ಸಿಗೋದು ಅಪರೂಪ. ಬಲಗೈ ಕಂಬಿ ಹಿಡಿದಿರುತ್ತೆ, ಎಡಗೈಲಿ ಫೋನ್. 6.7 ಇಂಚಿನ ಸ್ಯಾಮ್‌ಸಂಗ್. ಆ್ಯಪ್‌ಗಳನ್ನೆಲ್ಲ ಫೋಲ್ಡರ್ ಮಾಡಿ ಕೆಳಗೇ ಇಟ್ಟಿದ್ದೇನೆ, ಆದರೂ ಹೆಬ್ಬೆರಳು ಎಟಕೋದಿಲ್ಲ. ಎರಡು ಸಲ ಫೋನ್ ಕೈಜಾರಿ ಬಿತ್ತು. ಫೋಲ್ಡರ್, ವಿಜೆಟ್ ಎಲ್ಲೆಲ್ಲಿ ಇಡಬೇಕು? ಆ್ಯಪ್ ಡ್ರಾಯರ್ ಬೇಕಾ, ಬೇಡವಾ?"

ಉತ್ತರ: ಫೋಲ್ಡರ್ ಕೆಳಗಿಟ್ಟದ್ದು ಸರಿಯೇ. ಎಡವಟ್ಟು ಆಗುತ್ತಿರುವುದು ಅದನ್ನು ಒತ್ತಿದ ಮೇಲೆ. ಫೋಲ್ಡರ್ ಅಂದರೆ ಯಾವಾಗಲೂ ಎರಡು ಒತ್ತು. ಮೊದಲನೆಯದು ಕೆಳಗೆ, ಹೆಬ್ಬೆರಳ ಹತ್ತಿರ. ಒತ್ತಿದ ಕೂಡಲೇ ಫೋಲ್ಡರ್ ಪರದೆಯ ನಡುವೆ ಎದ್ದು ನಿಲ್ಲುತ್ತದೆ, ಒಳಗಿನ ಆ್ಯಪ್‌ಗಳು ಅದರ ಮೇಲಿನ ಸಾಲಿಂದ ತುಂಬಿಕೊಂಡು ಬರುತ್ತವೆ. ಎರಡನೇ ಒತ್ತಿಗೆ ಬೆರಳು ಅಲ್ಲಿಗೆ ಹೋಗಬೇಕು, ಅಲ್ವಾ? ಹೋಗಲು ನೀವು ಅಂಗೈಯಲ್ಲಿ ಫೋನನ್ನು ಸ್ವಲ್ಪ ಕೆಳಕ್ಕೆ ಜಾರಿಸುತ್ತೀರಿ. ಫೋನ್ ಬೀಳುವುದು ಆ ಕ್ಷಣದಲ್ಲೇ. ಕುಂಬಳೆಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಒಡೆದುಕೊಂಡು ಬಂದವರನ್ನು ಹೇಗೆ ಬಿತ್ತು ಅಂತ ಕೇಳುತ್ತೇನೆ. "ಮೇಲೆ ಏನೋ ಒತ್ತಲು ಹೋದೆ, ಡ್ರೈವರ್ ಬ್ರೇಕ್ ಹಾಕಿದ" ಅನ್ನುವ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ.

ಹಾಗಾಗಿ ಯಾವ ಆ್ಯಪ್ ಯಾವ ಜಾತಿಯದು, ಬ್ಯಾಂಕಿನದೋ ಆಟದ್ದೋ ಅಂತ ವಿಂಗಡಿಸುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಹೆಬ್ಬೆರಳು ಹಿಡಿತ ಬದಲಿಸದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡೋಣ.

ಇದಕ್ಕೆ ನಾನು ಅಂಗಡಿಯಲ್ಲಿ ಮಾಡಿಸುವ ಒಂದು ಪರೀಕ್ಷೆ ಉಂಟು. ಫೋನಿನ ಗಾಜನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪರದೆ ಆಫ್ ಮಾಡಿ. ಕವರ್ ತೆಗೆಯಬೇಡಿ, ದಿನಾ ಹೇಗೆ ಹಿಡಿಯುತ್ತೀರೋ ಹಾಗೇ ಇರಲಿ. ಎಡಗೈ ಹೆಬ್ಬೆರಳ ತುದಿಗೆ ಒಂದು ಚೂರು ತೆಂಗಿನೆಣ್ಣೆ ಸವರಿ. ತಲೆಗೆ ಹಚ್ಚಿ ಕೈ ಒರೆಸಿಕೊಂಡ ಮೇಲೂ ಬೆರಳಲ್ಲಿ ಉಳಿಯುತ್ತದಲ್ಲ, ಅಷ್ಟೇ ಸಾಕು. ಈಗ ಎದ್ದು ನಿಂತು ಬಲಗೈಯಲ್ಲಿ ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ತಲೆಗಿಂತ ಎತ್ತರದಲ್ಲಿ ಹಿಡಿದುಕೊಳ್ಳಿ. ಕುಳಿತು ಮಾಡಿದರೆ ಪ್ರಯೋಜನವಿಲ್ಲ, ಕುಳಿತಾಗ ಕೈ ಸಡಿಲವಾಗಿ ಬೆರಳು ಜಾಸ್ತಿ ದೂರ ಹೋಗುತ್ತದೆ. ನಿಂತಲ್ಲೇ, ಉಳಿದ ನಾಲ್ಕು ಬೆರಳು ಅಲ್ಲಾಡಿಸದೆ, ಹೆಬ್ಬೆರಳನ್ನು ಗಾಜಿನ ಮೇಲೆ ಸಲೀಸಾಗಿ ಹೋಗುವಷ್ಟು ಕಡೆ ಓಡಾಡಿಸಿ. ಎಳೆದು ಹಿಗ್ಗಿಸಬೇಡಿ. ಆಮೇಲೆ ಫೋನನ್ನು ದೀಪದ ಕೆಳಗೆ ಓರೆ ಹಿಡಿದು ನೋಡಿ.

ಕಪ್ಪು ಗಾಜಿನ ಮೇಲೆ ಮಸುಕಾದ, ಬಿಲ್ಲಿನ ಹಾಗೆ ಬಾಗಿದ ಒಂದು ಪಟ್ಟೆ ಕಾಣುತ್ತದೆ. ಎಡಗೈಯವರಿಗೆ ಅದು ಎಡ ಅಂಚಿನಲ್ಲಿ ಹೆಚ್ಚುಕಡಿಮೆ ಅರ್ಧ ಎತ್ತರದಿಂದ ಶುರುವಾಗಿ, ನಡುವಿನಲ್ಲಿ ಹಾದು, ಬಲಗಡೆ ಕೆಳಕ್ಕೆ ಇಳಿಯುತ್ತದೆ. ಮೇಲಿನ ಭಾಗದಲ್ಲಿ ಎಣ್ಣೆಯ ಗುರುತೇ ಇರುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಇನ್ನೊಂದು ಜಾಗವೂ ಒರೆಸಿದ ಹಾಗೇ ಉಳಿದಿರುತ್ತದೆ ನೋಡಿ, ಎಡಗಡೆಯ ಕೆಳಮೂಲೆ. ಹೆಬ್ಬೆರಳಿನ ಬುಡ ಅಲ್ಲೇ ಇರುವುದರಿಂದ ತುದಿ ಅಲ್ಲಿಗೆ ಹೋಗಬೇಕಾದರೆ ಬೆರಳನ್ನು ಕೊಕ್ಕೆಯ ಹಾಗೆ ಮಡಚಬೇಕು. ಹತ್ತಿರ ಇದ್ದ ಮಾತ್ರಕ್ಕೆ ಸುಲಭ ಅಂತಲ್ಲ. ಬಹಳ ಜನ ತುಂಬ ಬೇಕಾದ ಆ್ಯಪನ್ನು ಆ ಮೂಲೆಗೇ ತಂದಿಡುತ್ತಾರೆ, ಆಮೇಲೆ ಹೆಬ್ಬೆರಳ ಬುಡ ನೋಯುತ್ತದೆ ಅನ್ನುತ್ತಾರೆ.

ಈ ಪಟ್ಟೆಯ ಒಂದು ಫೋಟೋ ಬೇರೆಯವರ ಫೋನಲ್ಲಿ ತೆಗೆಸಿಕೊಳ್ಳಿ. ಈಗಿರುವ ಹೋಮ್ ಸ್ಕ್ರೀನಿನ ಎಲ್ಲ ಪುಟಗಳ ಸ್ಕ್ರೀನ್‌ಶಾಟನ್ನೂ ತೆಗೆದಿಡಿ. ಜೋಡಿಸುತ್ತಾ ಹೋದ ಹಾಗೆ ಎಲ್ಲಿ ಏನಿತ್ತು ಅನ್ನುವುದೇ ಮರೆತುಹೋಗುತ್ತದೆ.

ಈಗ ಕೆಲಸಕ್ಕೆ ಬರೋಣ. ಹೋಮ್ ಸ್ಕ್ರೀನಿನ ಖಾಲಿ ಜಾಗ ಒತ್ತಿ ಹಿಡಿದು Settings ತೆರೆಯಿರಿ. ಅಲ್ಲಿ Home screen grid ಅಂತ ಉಂಟು. 5 ಕಂಬಸಾಲು ಇಟ್ಟುಕೊಂಡಿದ್ದರೆ 4ಕ್ಕೆ ಇಳಿಸಿ, 4x6 ಆಗಲಿ. 5 ಕಂಬಸಾಲಲ್ಲಿ ಜಾಸ್ತಿ ಆ್ಯಪ್ ಹಿಡಿಯುತ್ತದೆ ನಿಜ, ಆದರೆ ಐಕಾನ್‌ಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಬೆರಳಿಂದ ಒತ್ತುವ ಗುರಿ ಸುಮಾರು 9 ಮಿಲಿಮೀಟರ್ ಅಗಲವಾದರೂ ಇರಬೇಕು ಅಂತ ಆಂಡ್ರಾಯ್ಡ್ ವಿನ್ಯಾಸದವರೇ ಹೇಳುವ ಲೆಕ್ಕ. ಅದು ನೆಮ್ಮದಿಯಾಗಿ ಕುಳಿತವರಿಗೆ ಸಾಕಾಗುವ ಅಳತೆ. ಕುಲುಕುವ ಬಸ್ಸಿನಲ್ಲಿ ಅಕ್ಕಪಕ್ಕ ಇನ್ನೂ ಸ್ವಲ್ಪ ಬಿಡುವು ಬೇಕು.

ಪಕ್ಕದಲ್ಲೇ Add new apps to Home screen ಅನ್ನುವುದೊಂದು ಇರುತ್ತದೆ, ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಹೊಸ ಆ್ಯಪ್ ತಾನಾಗಿಯೇ ಬಂದು ಖಾಲಿ ಚೌಕದಲ್ಲಿ ಕೂರುತ್ತದೆ. ನೀವು ಬೇಕಂತಲೇ ಬಿಟ್ಟ ಖಾಲಿ ಜಾಗ ಎರಡು ತಿಂಗಳಲ್ಲಿ ತುಂಬಿಹೋಗುತ್ತದೆ.

ಇನ್ನು ಆ್ಯಪ್‌ಗಳು. ನಾಳೆ ಬಸ್ಸಲ್ಲಿ ಹೋಗುವಾಗ ನಿಂತಿದ್ದಾಗ ನಿಜವಾಗಿ ಏನೇನು ತೆರೆದಿರಿ ಅಂತ ಸುಮ್ನೆ ಮನಸ್ಸಲ್ಲೇ ಎಣಿಸಿ. ಎಂಟು ದಾಟುವುದು ಕಷ್ಟ. ಫೋನ್ ಕರೆ, ವಾಟ್ಸ್ಆ್ಯಪ್, ಟಿಕೆಟ್‌ಗೋ ಅಂಗಡಿಗೋ ಹಣ ಕಳಿಸುವ ಯುಪಿಐ ಆ್ಯಪ್, ಹಾಡು, ಕ್ಯಾಮರಾ, ಯಾವಾಗಲಾದರೂ ಮಂಗಳೂರಿಗೆ ಹೋಗುವುದಿದ್ದರೆ ರೈಲು ಎಲ್ಲಿದೆ ಅಂತ ನೋಡುವ ಆ್ಯಪ್, ಮತ್ತೆ ಬ್ರೌಸರ್. ಬ್ಯಾಂಕಿನ ಆ್ಯಪ್, ವಿದ್ಯುತ್ ಬಿಲ್ಲಿನದು, ಆಧಾರ್, ಫೋಟೋ ತಿದ್ದುವುದು, ಇವೆಲ್ಲ ಮನೆಯಲ್ಲಿ ಎರಡೂ ಕೈ ಖಾಲಿ ಇರುವಾಗಿನ ಕೆಲಸ. ಆ ಎಂಟು ಮೊದಲ ಪುಟಕ್ಕೆ ಬರಲಿ, ಫೋಲ್ಡರಿನ ಹೊರಗೆ, ಒಂದೇ ಒತ್ತಿಗೆ ಸಿಗುವ ಹಾಗೆ.

ನಿಮ್ಮ ಪರದೆಯನ್ನೇ ಹಿಡಿದು ಹೇಳುತ್ತೇನೆ. ಮೇಲಿಂದ 6 ಸಾಲು, ಅದರ ಕೆಳಗೆ ಡಾಕ್, ಅಂದರೆ ಪುಟ ಬದಲಿಸಿದರೂ ಅಲ್ಲಾಡದ ಆ ನಾಲ್ಕು ಐಕಾನಿನ ಸಾಲು. ಎಡಗೈಗೆ ಎಲ್ಲಕ್ಕಿಂತ ಹಗುರ ಜಾಗ 5ನೇ ಸಾಲಿನ ಎಡದಿಂದ ಎರಡನೇ, ಮೂರನೇ ಚೌಕ. ಅಲ್ಲಿ ವಾಟ್ಸ್ಆ್ಯಪ್ ಮತ್ತು ಯುಪಿಐ ಇಡಿ. 6ನೇ ಸಾಲಿನ ಎರಡು, ಮೂರರಲ್ಲಿ ಹಾಡು ಮತ್ತು ರೈಲು. 4ನೇ ಸಾಲಿನ ಒಂದು, ಎರಡನೇ ಚೌಕವೂ ಎಟಕುತ್ತದೆ, ಅಲ್ಲಿ ಬ್ರೌಸರ್ ಮತ್ತು ಇನ್ನೇನಾದರೂ. ಡಾಕಿನ ಎರಡನೇ ಜಾಗಕ್ಕೆ ಫೋನ್ ಕರೆ, ಮೂರನೆಯದಕ್ಕೆ ಕ್ಯಾಮರಾ. ಡಾಕಿನ ಎಡತುದಿ, ಆ ಕೊಕ್ಕೆ ಮೂಲೆ, ಅಲ್ಲಿ ಅಪರೂಪಕ್ಕೆ ಬೇಕಾಗುವ Settings ಇದ್ದರೆ ಸಾಕು. ಬಲತುದಿಯಲ್ಲಿ ಒಂದು ಫೋಲ್ಡರ್ ಇಡಬಹುದು, ಅದರ ಮಾತು ಈಗ ಬರುತ್ತದೆ. ಮೇಲಿನ 3 ಸಾಲಲ್ಲಿ ಒಂದೂ ಐಕಾನ್ ಬೇಡ. ನಿಮ್ಮ ಎಣ್ಣೆ ಪಟ್ಟೆ ನಾನು ಹೇಳಿದ್ದಕ್ಕಿಂತ ಮೇಲೋ ಕೆಳಗೋ ಬಂದಿದ್ದರೆ ಅದನ್ನೇ ನಂಬಿ, ನನ್ನ ಸಾಲಿನ ಲೆಕ್ಕವನ್ನಲ್ಲ. ಗಿಡ್ಡ ಬೆರಳಿನವರಿಗೆ 4ನೇ ಸಾಲೂ ಕೈಬಿಟ್ಟು ಹೋಗಬಹುದು.

ವಾಪಸ್ ಬರುವಾಗ ಬಾಗಿಲ ಹತ್ತಿರ ನಿಂತು ಎಡಗೈ ಕಂಬಿಗೆ ಹೋಗಿ ಫೋನ್ ಬಲಗೈಗೆ ಬರುವುದೂ ಉಂಟಲ್ಲ. ಅದಕ್ಕಾಗಿಯೇ ನಡುವಿನ ಎರಡು ಕಂಬಸಾಲುಗಳಿಗೆ ಮುಖ್ಯವಾದವನ್ನು ಹಾಕಿಸಿದ್ದು. ಬಲಗೈಯಲ್ಲಿ ಪಟ್ಟೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ, ಆದರೆ ನಡು ಎರಡೂ ಕೈಗೆ ಸಿಗುತ್ತದೆ.

ಈಗ ಫೋಲ್ಡರ್. ಬಸ್ಸಿನ ಪುಟಕ್ಕೆ ಒಂದೇ ಒಂದು ಫೋಲ್ಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ತೆರೆದು ಹೆಬ್ಬೆರಳನ್ನು ಅಲ್ಲೇ ನಿಲ್ಲಿಸಿ ನೋಡಿ, ಒಳಗಿನ ಯಾವ ಐಕಾನ್ ಹತ್ತಿರ ಬಂತು? ನಾಲ್ಕೇ ಆ್ಯಪ್ ಹಾಕಿದರೆ ನಾಲ್ಕೂ ಮೇಲ್ಗಡೆಯೇ ಹೋಗಿ ಕೂತಿರುತ್ತವೆ. ಇದು ವಿಚಿತ್ರ ಅನ್ನಿಸಬಹುದು, ಆದರೆ ಕಡಿಮೆ ಆ್ಯಪ್ ಇರುವ ಫೋಲ್ಡರಿಗಿಂತ ತುಂಬಿದ ಫೋಲ್ಡರ್ ಒಂದು ಕೈಗೆ ಒಳ್ಳೆಯದು. ಕೆಳಗಿನ ಸಾಲು ಭರ್ತಿ ಆಗಿರುತ್ತದೆ, ಬೇಕಾದ್ದನ್ನು ಅಲ್ಲಿಗೆ ಎಳೆದು ತರಬಹುದು. ಮೇಲಿನ ಸಾಲುಗಳಿಗೆ ತಿಂಗಳಿಗೊಮ್ಮೆ ತೆರೆಯುವ ಆ್ಯಪ್‌ಗಳನ್ನು ತುಂಬಿ, ಕೆಳಸಾಲಿನಲ್ಲಿ ನಿಮ್ಮ ಹೆಬ್ಬೆರಳ ಕಡೆಗೆ ದಿನದ್ದನ್ನು ಇಡಿ. ಫೋಲ್ಡರ್ ಒಳಗೆ ಎರಡನೇ ಪುಟ ಆಗುವಷ್ಟು ಮಾತ್ರ ತುಂಬಬೇಡಿ. ಪುಟ ಸರಿಸಬೇಕಾಗಿ ಬಂದರೆ ಅದು ಮೂರನೇ ಕೆಲಸ.

ನಿಮ್ಮ ಸ್ಯಾಮ್‌ಸಂಗಿನ ಸಾಫ್ಟ್‌ವೇರ್ One UI 7 ಅಥವಾ ಅದಕ್ಕಿಂತ ಹೊಸದು ಆಗಿದ್ದರೆ ಇನ್ನೊಂದು ದಾರಿ ಇದೆ. ಫೋಲ್ಡರನ್ನು ಒತ್ತಿ ಹಿಡಿದರೆ ಅದನ್ನು ದೊಡ್ಡದು ಮಾಡುವ ಆಯ್ಕೆ ಬರುತ್ತದೆ. ದೊಡ್ಡದಾದ ಫೋಲ್ಡರ್ ತೆರೆಯುವ ಅಗತ್ಯವೇ ಇಲ್ಲ, ಒಳಗೆ ಕಾಣುವ ಆ್ಯಪನ್ನು ಹೊರಗಿಂದಲೇ ಒತ್ತಬಹುದು. ಎರಡನೇ ಒತ್ತು ಅಲ್ಲಿಗೆ ಮಾಯ. ಶಿಯೋಮಿ, ಒಪ್ಪೊದವರ ಹೊಸ ಫೋನ್‌ಗಳಲ್ಲೂ ಇಂಥದ್ದು ಉಂಟು. ಕೊರತೆ ಏನೆಂದರೆ ಅದರೊಳಗಿನ ಐಕಾನ್ ಮಾಮೂಲಿಗಿಂತ ಚಿಕ್ಕದು. ನಿಂತ ಬಸ್ಸಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಓಡುವ ಬಸ್ಸಲ್ಲಿ ಪಕ್ಕದ ಆ್ಯಪ್ ತೆರೆದುಕೊಳ್ಳುತ್ತದೆ. ಹಾಗಾಗಿ ಹಾಡು, ಸುದ್ದಿ, ವಿಡಿಯೋ ಇಂಥವಕ್ಕೆ ಬಳಸಿ. ಹಣದ ಆ್ಯಪ್ ಯಾವತ್ತೂ ತನ್ನದೇ ಚೌಕದಲ್ಲಿ, ಪೂರ್ತಿ ಗಾತ್ರದಲ್ಲಿ ಇರಲಿ.

ಆ್ಯಪ್ ತೆರೆಯುವ ಮಾತು ಬಂದಾಗ ಹೇಳಿಬಿಡುತ್ತೇನೆ, ಎಷ್ಟೋ ಸಲ ನಮಗೆ ಬೇಕಾಗಿರುವುದು ಆ್ಯಪ್ ಅಲ್ಲ, ಅದರೊಳಗಿನ ಒಂದು ವಿಷಯ. ಮನೆಗೆ ಫೋನ್ ಮಾಡಲು ಕರೆ ಆ್ಯಪ್ ತೆರೆದು, ಹೆಸರು ಹುಡುಕಿ, ಒತ್ತಿ ಅಂತ ಮೂರು ಸಲ ಯಾಕೆ? ವಿಜೆಟ್ ಪಟ್ಟಿಯಲ್ಲಿ Contacts ಅಡಿಯಲ್ಲಿ Direct dial ಅಂತ ಒಂದು ಚೌಕದ ವಿಜೆಟ್ ಇದೆ. ಅಮ್ಮನ ನಂಬರ್ ಅದಕ್ಕೆ ಕೊಟ್ಟು 5ನೇ ಸಾಲಿನಲ್ಲಿ ಇಟ್ಟರೆ ಒಂದೇ ಒತ್ತಿಗೆ ಕರೆ ಹೋಗುತ್ತದೆ. ವಾಟ್ಸ್ಆ್ಯಪಿನಲ್ಲೂ ಹಾಗೆಯೇ, ಒಬ್ಬರ ಚಾಟ್ ತೆರೆದು ಮೂರು ಚುಕ್ಕಿ, More, ಆಮೇಲೆ Add shortcut ಒತ್ತಿದರೆ ಆ ಒಂದು ಚಾಟ್ ಐಕಾನ್ ಆಗಿ ಹೋಮ್ ಸ್ಕ್ರೀನಿಗೆ ಬರುತ್ತದೆ. ನಿಮ್ಮ ಯುಪಿಐ ಆ್ಯಪಿನ ಐಕಾನನ್ನೂ ಒಮ್ಮೆ ಒತ್ತಿ ಹಿಡಿದು ನೋಡಿ. ಕ್ಯೂಆರ್ ಸ್ಕ್ಯಾನ್ ಮಾಡುವ ಶಾರ್ಟ್‌ಕಟ್ ಕಂಡರೆ ಅದನ್ನೇ ಎಳೆದು ಹೊರಗಿಡಿ. ಎಷ್ಟೋ ಆ್ಯಪ್‌ಗಳಲ್ಲಿ ಮುಖ್ಯ ಬಟನ್ ಪರದೆಯ ಮೇಲ್ತುದಿಯಲ್ಲಿ ಇರುತ್ತದೆ, ಹೋಮ್ ಸ್ಕ್ರೀನ್ ಎಷ್ಟೇ ಚೆಂದ ಜೋಡಿಸಿದರೂ ಒಳಗೆ ಹೋದ ಮೇಲೆ ಅದೇ ಕಷ್ಟ. ಶಾರ್ಟ್‌ಕಟ್ ಇಟ್ಟರೆ ಆ ಮೇಲ್ತುದಿಗೆ ಹೋಗುವುದೇ ತಪ್ಪುತ್ತದೆ.

ವಿಜೆಟ್ ವಿಷಯಕ್ಕೆ ಬರುವಾ. ನೋಡುವ ವಿಜೆಟ್ ಬೇರೆ, ಒತ್ತುವ ವಿಜೆಟ್ ಬೇರೆ. ಗಡಿಯಾರ, ಹವಾಮಾನ, ಕ್ಯಾಲೆಂಡರ್ ಇವು ನೋಡುವಂಥವು. ಮಳೆಗಾಲದಲ್ಲಿ ಬಸ್ ಇಳಿಯುವ ಮೊದಲು ಕೊಡೆ ಬಿಚ್ಚಬೇಕಾ ಅಂತ ಒಂದು ಕಣ್ಣು ಹಾಯಿಸಿದರೆ ಆಯಿತು, ಬೆರಳು ಬೇಕಾಗಿಲ್ಲ. ಇವನ್ನು ಆ ಖಾಲಿ ಬಿಟ್ಟ ಮೇಲಿನ 3 ಸಾಲಿಗೆ ಹಾಕಿ. ಎಟಕದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ವಿಜೆಟನ್ನು ಒತ್ತಿ ಹಿಡಿದು ಬಿಟ್ಟರೆ ಸುತ್ತ ಚೌಕಟ್ಟು ಬರುತ್ತದೆ, ಅಂಚು ಹಿಡಿದೆಳೆದು ಪೂರ್ತಿ ಅಗಲ ಮಾಡಿ. ಹಾಡಿನ ವಿಜೆಟ್ ಒತ್ತುವಂಥದ್ದು, ಮುಂದಿನ ಹಾಡಿಗೆ ಹೋಗಬೇಕು, ನಿಲ್ಲಿಸಬೇಕು. ಅದು ಬೇಕೇ ಬೇಕು ಅಂದರೆ 4ನೇ ಸಾಲಿಗೆ ತನ್ನಿ, ಅಲ್ಲಿ ಇಟ್ಟದ್ದನ್ನು ಫೋಲ್ಡರಿಗೆ ಸರಿಸಿ.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಪಟ್ಟಿಯ ಹಾಗೆ ಮೇಲೆ ಕೆಳಗೆ ಜಾರುವ ವಿಜೆಟ್‌ಗಳು ಇರುತ್ತವಲ್ಲ, ಇಮೇಲ್, ಟಿಪ್ಪಣಿ, ಸುದ್ದಿ, ದಿನದ ಕೆಲಸದ ಪಟ್ಟಿ, ಅಂಥದ್ದನ್ನು ಕೆಳಗಿನ ಅರ್ಧದಲ್ಲಿ ಇಟ್ಟರೆ ನಿಮ್ಮ ಹೆಬ್ಬೆರಳು ಮೇಲಕ್ಕೆ ಎಳೆದಾಗ ಎಲ್ಲ ಆ್ಯಪ್‌ಗಳೂ ಇರುವ ಆ್ಯಪ್ ಡ್ರಾಯರ್ ತೆರೆಯುವುದಿಲ್ಲ, ವಿಜೆಟಿನ ಪಟ್ಟಿ ಸರಿಯುತ್ತದೆ. ಫೋನ್ ಹ್ಯಾಂಗ್ ಆಗಿದೆ, ಡ್ರಾಯರ್ ಬರ್ತಾ ಇಲ್ಲ ಅಂತ ಅಂಗಡಿಗೆ ಬಂದವರೂ ಇದ್ದಾರೆ. ಒಬ್ಬರು ಅಡಿಕೆ ವ್ಯಾಪಾರದವರು, ಧಾರಣೆ ಬರೆದಿಡುವ ಟಿಪ್ಪಣಿ ವಿಜೆಟನ್ನು ಅರ್ಧ ಪರದೆಯಷ್ಟು ದೊಡ್ಡದು ಮಾಡಿ ಕೆಳಗೆ ಇಟ್ಟುಕೊಂಡಿದ್ದರು. ಫೋನಿಗೆ ಏನೂ ಆಗಿರಲಿಲ್ಲ. ವಿಜೆಟನ್ನು ಮೇಲಕ್ಕೆ ಎತ್ತಿ ಇಟ್ಟೆ, ಡ್ರಾಯರ್ ಸರಿಯಾಗಿ ತೆರೆಯಿತು. ಟಿಪ್ಪಣಿ ಓದಲು ಮಾತ್ರ ಬೇಕಿತ್ತು ಅವರಿಗೆ, ಮೇಲೆ ಇದ್ದರೂ ನಡೆಯುತ್ತಿತ್ತು. ನಿಮ್ಮ ಫೋನಲ್ಲಿ ಡ್ರಾಯರ್ ಒಮ್ಮೆ ಬಂದು ಒಮ್ಮೆ ಬಾರದೆ ಹೋದರೆ, ಬೆರಳು ಎಲ್ಲಿಂದ ಶುರುವಾಗುತ್ತದೆ ಅಂತ ಮೊದಲು ನೋಡಿ.

ಡ್ರಾಯರ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಡ್ರಾಯರ್ ಮನೆಯ ಅಟ್ಟದ ಹಾಗೆ. ಅಟ್ಟ ಇದ್ದರೆ ತಾನೇ ಜಗಲಿ ಖಾಲಿ ಇಡಲು ಆಗುವುದು. Home screen settings ಒಳಗೆ Home screen layout ಅಂತ ಇದೆ. ಅದು Home and Apps screens ಮೇಲೆ ಇರಲಿ. Home screen only ಅಂತ ಇದ್ದರೆ ಇರುವ ಎಲ್ಲ ಆ್ಯಪ್‌ಗಳೂ ಹೋಮ್ ಸ್ಕ್ರೀನಿನಲ್ಲೇ ಇರಬೇಕಾಗುತ್ತದೆ, ಅವನ್ನು ಬಚ್ಚಿಡಲು ಬೇರೆ ಜಾಗ ಇಲ್ಲ, ಆಗ ಐದಾರು ಪುಟ ಆಗದೆ ಇರುವುದಿಲ್ಲ. ಬೇರೆ ಕಂಪನಿಯ ಕೆಲವು ಫೋನ್‌ಗಳು ಡ್ರಾಯರ್ ಇಲ್ಲದೆಯೇ ಬರುತ್ತವೆ, ಅವುಗಳಲ್ಲಿ ಹೆಚ್ಚಿನವುಗಳ ಹೋಮ್ ಸ್ಕ್ರೀನ್ ಸೆಟ್ಟಿಂಗಿನಲ್ಲೂ ಡ್ರಾಯರ್ ಹಾಕಿಕೊಳ್ಳಲು ಆಗುತ್ತದೆ.

ಡ್ರಾಯರ್ ಇದ್ದ ಮೇಲೆ ಹೋಮ್ ಸ್ಕ್ರೀನಿಂದ ಐಕಾನ್ ತೆಗೆಯಲು ಹೆದರಬೇಡಿ. ಒತ್ತಿ ಹಿಡಿದಾಗ Remove ಮತ್ತು Uninstall ಅಂತ ಎರಡು ಬರುತ್ತವೆ. Remove ಒತ್ತಿದರೆ ಐಕಾನ್ ಮಾತ್ರ ಹೋಗುತ್ತದೆ, ಆ್ಯಪ್ ಡ್ರಾಯರಲ್ಲಿ ಹಾಗೇ ಇರುತ್ತದೆ. Uninstall ಒತ್ತಿದರೆ ಆ್ಯಪೇ ಹೋಗುತ್ತದೆ. ಈ ಕೆಲಸವನ್ನು ಬಸ್ಸಲ್ಲಿ ಮಾಡಬೇಡಿ, ಎರಡು ಮಾತೂ ಅಕ್ಕಪಕ್ಕ ಇರುತ್ತವೆ.

ಡ್ರಾಯರನ್ನು ನೀವಾಗಿ ಜೋಡಿಸಲು ಹೋಗಬೇಡಿ, Alphabetical order ಇಟ್ಟುಬಿಡಿ. ಅಲ್ಲಿಗೆ ನಾವು ಹೋಗುವುದು ಅಪರೂಪ, ಅಪರೂಪಕ್ಕೆ ಹೋಗುವ ಜಾಗದಲ್ಲಿ ನಮ್ಮದೇ ಕ್ರಮ ನೆನಪಿರುವುದಿಲ್ಲ. ಒಂದು ಕೈಯಲ್ಲಿ ಡ್ರಾಯರ್ ಬಳಸುವ ಸುಲಭ ದಾರಿ ಹುಡುಕಾಟ, ಎರಡು ಅಕ್ಷರ ಒತ್ತಿದರೆ ಆ್ಯಪ್ ಎದುರು ಬರುತ್ತದೆ. ಹುಡುಕುವ ಪಟ್ಟಿ One UI 7ರಲ್ಲಿ ಡ್ರಾಯರಿನ ಕೆಳಗೆ ಬಂದಿದೆ, ಅದು ನಿಮ್ಮಂಥವರಿಗೆ ಅನುಕೂಲ. ಹಳೆಯದರಲ್ಲಿ ತುತ್ತತುದಿಯಲ್ಲಿ ಇತ್ತು. ಪಿಕ್ಸೆಲ್ ಫೋನಲ್ಲಿ ಡ್ರಾಯರಿನ ಮೂರು ಚುಕ್ಕಿಯೊಳಗೆ Always show keyboard ಅಂತ ಕೊಟ್ಟಿದ್ದಾರೆ, ಡ್ರಾಯರ್ ಎಳೆದ ಕೂಡಲೇ ಕೀಬೋರ್ಡ್ ಬಂದು ನಿಲ್ಲುತ್ತದೆ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕು ಜಾಸ್ತಿ. ಫೋನಿನ ಭಾಷೆ ಕನ್ನಡ ಅಥವಾ ಮಲಯಾಳ ಇಟ್ಟುಕೊಂಡಿದ್ದರೆ ಫೋನಿನ ಜೊತೆ ಬಂದ ಆ್ಯಪ್‌ಗಳ ಹೆಸರು ಆ ಭಾಷೆಗೆ ತಿರುಗುತ್ತದೆ, ಕ್ಯಾಮರಾ, ಸಂಪರ್ಕಗಳು ಅಂತ. ನೀವು ಆಮೇಲೆ ಹಾಕಿಕೊಂಡ ಬ್ಯಾಂಕಿನವು, ಹಣದವು ಇಂಗ್ಲಿಷಲ್ಲೇ ಉಳಿಯುತ್ತವೆ. ಅಕ್ಷರ ಕ್ರಮದಲ್ಲಿ ಇಟ್ಟರೆ ಡ್ರಾಯರಿನಲ್ಲಿ ಎರಡು ರಾಶಿ ಆಗುತ್ತದೆ. ಹುಡುಕಲು ಹೋದರೆ ಕೀಬೋರ್ಡ್ ಭಾಷೆ ಬದಲಿಸುತ್ತಾ ಇರಬೇಕು, ಮೂರು ಭಾಷೆಯ ಕೀಬೋರ್ಡ್ ಹಾಕಿಕೊಂಡವರಿಗೆ ಇನ್ನೂ ಕಷ್ಟ. ಇದಕ್ಕಾಗಿ ಫೋನಿನ ಭಾಷೆ ಬದಲಿಸಿ ಅಂತ ನಾನು ಹೇಳುವುದಿಲ್ಲ, ಕನ್ನಡದಲ್ಲಿ ಇರುವುದೇ ಚೆಂದ. ಕನ್ನಡ ಹೆಸರು ಬಂದಿರುವ ಐದಾರು ಆ್ಯಪ್‌ಗಳನ್ನೇ ಹೋಮ್ ಸ್ಕ್ರೀನಿಗೂ ಆ ಒಂದು ಫೋಲ್ಡರಿಗೂ ಹಾಕಿಬಿಟ್ಟರೆ ಡ್ರಾಯರಲ್ಲಿ ಹುಡುಕುವುದು ಇಂಗ್ಲಿಷ್ ಹೆಸರಿನವು ಮಾತ್ರ ಆಗುತ್ತದೆ. ಆಮೇಲೆ ಟೈಪ್ ಮಾಡಲೂ ಒಂದೇ ಹೆಬ್ಬೆರಳು ತಾನೇ. Gboard ಬಳಸುತ್ತಿದ್ದರೆ ಅದರ ಮೇಲ್ತುದಿಯ ನಾಲ್ಕು ಚೌಕದ ಗುರುತು ಒತ್ತಿ One-handed ಆರಿಸಿ, ಕೀಬೋರ್ಡ್ ಕಿರಿದಾಗಿ ಒಂದು ಬದಿಗೆ ಸರಿಯುತ್ತದೆ. ಅಲ್ಲಿರುವ ಬಾಣದ ಗುರುತಿಂದ ಎಡಕ್ಕೆ ತಂದುಕೊಳ್ಳಿ.

ಮೇಲಿಂದ ಎಳೆಯುವ ನೋಟಿಫಿಕೇಶನ್ ಪರದೆಗೂ ಬೆರಳು ಮೇಲಕ್ಕೆ ಹೋಗಬೇಕಾಗಿಲ್ಲ. ಅದೇ Home screen settings ಒಳಗೆ ಹೋಮ್ ಸ್ಕ್ರೀನಿನಲ್ಲಿ ಎಲ್ಲಿಯಾದರೂ ಕೆಳಕ್ಕೆ ಎಳೆದರೆ ನೋಟಿಫಿಕೇಶನ್ ಬರುವ ಹಾಗೆ ಮಾಡುವ ಆಯ್ಕೆ ಇದೆ, ಆನ್ ಮಾಡಿ. ಇಷ್ಟೆಲ್ಲ ಆದ ಮೇಲೂ ಯಾವುದೋ ಆ್ಯಪಿನ ಒಳಗೆ ಮೇಲ್ಮೂಲೆಯ ಬಟನ್ ಒತ್ತಲೇಬೇಕಾಗಿ ಬರುತ್ತದೆ. ಅದಕ್ಕೆ Settings, Advanced features, One-handed mode. ಸನ್ನೆಯಲ್ಲಿ ಫೋನ್ ನಡೆಸುವವರಾದರೆ ಪರದೆಯ ಕೆಳ ಅಂಚಿನ ನಡುವಲ್ಲಿ ಕೆಳಕ್ಕೆ ಜಾರಿಸಬೇಕು. ಕೆಳಗೆ ಮೂರು ಬಟನ್ ಇಟ್ಟುಕೊಂಡವರಿಗೆ ಹೋಮ್ ಬಟನ್ ಎರಡು ಸಲ ಒತ್ತುವ ಆಯ್ಕೆಯೂ ಸಿಗುತ್ತದೆ. ಪರದೆ ಪೂರ್ತಿ ಕುಗ್ಗಿ ಮೂಲೆಗೆ ಬರುತ್ತದೆ. ಎಲ್ಲವೂ ಚಿಕ್ಕದಾಗುವುದರಿಂದ ಅದರಲ್ಲೇ ಇರಬೇಡಿ, ಆ ಒಂದು ಬಟನ್ ಒತ್ತಿ ಹೊರಗೆ ಖಾಲಿ ಜಾಗ ಮುಟ್ಟಿ ವಾಪಸ್ ಬನ್ನಿ. ಯಾರಾದರೂ "ಈ ಮೋಡ್ ಆನ್ ಮಾಡಿದರೆ ಸಾಕು, ಜೋಡಿಸುವುದು ಯಾಕೆ" ಅಂದರೆ ಒಪ್ಪಬೇಡಿ, ದಿನಕ್ಕೆ ಐವತ್ತು ಸಲ ಪರದೆ ಕುಗ್ಗಿಸಿ ಹಿಗ್ಗಿಸುವುದು ಯಾರಿಂದಲೂ ಆಗುವುದಿಲ್ಲ.

ಐಫೋನ್ ಇರುವವರೂ ಇದನ್ನು ಓದುತ್ತಿರಬಹುದು. ಅವರಿಗೆ 2024ರಲ್ಲಿ ಬಂದ iOS 18ರಿಂದ ಐಕಾನನ್ನು ಬೇಕಾದಲ್ಲಿ ಇಟ್ಟು ಮೇಲೆ ಖಾಲಿ ಬಿಡಲು ಆಗುತ್ತದೆ. ಅದಕ್ಕಿಂತ ಹಳೆಯದಾದರೆ ಐಕಾನ್‌ಗಳು ಮೇಲಕ್ಕೇ ಹೋಗಿ ಅಂಟಿಕೊಳ್ಳುತ್ತವೆ, ಆಗ ಮೇಲೆ ಒಂದು ದೊಡ್ಡ ವಿಜೆಟ್ ಇಟ್ಟರೆ ಅದೇ ಎಲ್ಲವನ್ನೂ ಕೆಳಕ್ಕೆ ತಳ್ಳುತ್ತದೆ.

ಎಲ್ಲ ಮುಗಿದ ಮೇಲೆ Lock Home screen layout ಆನ್ ಮಾಡಿ. ಕಿಸೆಯಿಂದ ತೆಗೆಯುವಾಗಲೋ ಮಗು ಆಡುವಾಗಲೋ ಐಕಾನ್ ಸ್ಥಳ ಬದಲಾಗುವುದಿಲ್ಲ. ಮೊದಲ ನಾಲ್ಕು ದಿನ ಹೆಬ್ಬೆರಳು ಹಳೆಯ ಜಾಗಕ್ಕೇ ಹೋಗುತ್ತದೆ, ಅಭ್ಯಾಸ ಹಾಗೆ. ಆ ಕಾರಣಕ್ಕೆ ಮತ್ತೆ ಬದಲಿಸಬೇಡಿ, ಎರಡು ವಾರ ಹಾಗೇ ಬಿಡಿ. ಬದಲಿಸಬೇಕಾದ್ದು ಯಾವುದು ಅಂತ ನಿಮ್ಮ ಕಿರುಬೆರಳೇ ಹೇಳುತ್ತದೆ. ಅದು ಫೋನಿನ ಅಡಿಗೆ ಆಧಾರ ಕೊಟ್ಟು ನಿಂತಿರುತ್ತದಲ್ಲ, ಯಾವ ಐಕಾನ್ ಒತ್ತಲು ಹೋದಾಗ ಆ ಕಿರುಬೆರಳು ಅಡಿಯಿಂದ ಸರಿದು ಫೋನ್ ಅಂಗೈಯಲ್ಲಿ ಕೆಳಗಿಳಿಯಿತೋ, ಆ ಐಕಾನ್ ಒಂದು ಸಾಲು ಮೇಲೆ ಇದೆ ಅಂತ ಅರ್ಥ. ಅದನ್ನೊಂದನ್ನೇ ಕೆಳಗಿನ ಸಾಲಿಗೆ ತನ್ನಿ, ಉಳಿದದ್ದನ್ನು ಮುಟ್ಟಬೇಡಿ. ಅಷ್ಟರವರೆಗೆ ಫೋನಿನ ಬೆನ್ನಿಗೆ ಒಂದು ಬೆರಳುಂಗುರ ಅಂಟಿಸಿಕೊಂಡರೂ ಆದೀತು. ಆದರೆ ಉಂಗುರ ಹಾಕಿದ ಮೇಲೆ ಹಿಡಿತ ಬೇರೆಯಾಗುತ್ತದೆ, ಪಟ್ಟೆ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಹಾಗಾಗಿ ತೆಂಗಿನೆಣ್ಣೆಯ ಪರೀಕ್ಷೆ ಇನ್ನೊಂದು ಸಲ ಮಾಡಬೇಕು.